ಪಿಚ್ ವೇದಿಕೆಯಲ್ಲಿ ಯುವ ಉದ್ಯಮಿಯನ್ನು ಪರಿಚಯಿಸಬೇಕಾಗಿದೆ: ಎದುರಿಗೆ ವಿದ್ಯಾರ್ಥಿಗಳೂ ಇದ್ದಾರೆ, ಹೂಡಿಕೆದಾರರೂ ಇದ್ದಾರೆ

ಘಟ್ಟದಂಚು

ನಾನು ಉತ್ತರ ಕನ್ನಡದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕ. ಮುಂದಿನ ಶನಿವಾರ ನಮ್ಮಲ್ಲಿ ನವೋದ್ಯಮಗಳು ಹೂಡಿಕೆದಾರರ ಎದುರು ತಮ್ಮ ಯೋಜನೆ ಮಂಡಿಸುವ ಪಿಚ್ ಕಾರ್ಯಕ್ರಮವಿದೆ. ಆರು ತಂಡಗಳು ಬರುತ್ತವೆ. ಸಭಾಂಗಣದಲ್ಲಿ ಸುಮಾರು 300 ವಿದ್ಯಾರ್ಥಿಗಳು, ಮುಂದಿನ ಸಾಲಿನಲ್ಲಿ ಹನ್ನೆರಡು ಹೂಡಿಕೆದಾರರು. ಪಿಚ್ ಮಾಡುವವರಲ್ಲಿ ಒಬ್ಬಳು ನನ್ನದೇ ಹಳೆಯ ವಿದ್ಯಾರ್ಥಿನಿ. ವಯಸ್ಸು 26. ಶಿರಸಿ ಕಡೆಯ ಅಡಿಕೆ ತೋಟದ ಮನೆಯವಳು. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡುವ ಡ್ರೈಯರ್ ರೂಪಿಸಿದ್ದಾಳೆ. ಅಡಿಕೆ ಸಿಪ್ಪೆಯನ್ನೇ ಉರಿಸಿ ಬಿಸಿಗಾಳಿ ಹಾಯಿಸುವ ಯಂತ್ರ ಅದು. ಅವಳನ್ನು ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆದುಕೊಂಡದ್ದು ಹೀಗಿದೆ, ದಯವಿಟ್ಟು ತಿದ್ದಿಕೊಡಿ:

"ಸಾಧನೆಗೆ ವಯಸ್ಸಿನ ಹಂಗಿಲ್ಲ ಎಂಬುದಕ್ಕೆ ನಮ್ಮ ಮುಂದಿನ ಅತಿಥಿಯೇ ಸಾಕ್ಷಿ. ಮಲೆನಾಡಿನ ಹೆಮ್ಮೆಯ ಕುವರಿ, ಬಹುಮುಖ ಪ್ರತಿಭೆ, ಹತ್ತನೆಯ ತರಗತಿಯಲ್ಲಿ ಶೇಕಡಾ 96 ಅಂಕ ಪಡೆದವರು. 40 ದಿನ ಹಿಡಿಯುತ್ತಿದ್ದ ಚಾಲಿ ಒಣಗಿಸುವಿಕೆಯನ್ನು 9 ದಿನಕ್ಕೆ ಇಳಿಸಿದ, ಪೇಟೆಂಟ್ ಪಡೆದ ದೇಶದ ಮೊದಲ ಯಂತ್ರ ಇವರದು. ಸರ್ಕಾರವೇ ಇವರ ಕಂಪನಿಯಲ್ಲಿ 20 ಲಕ್ಷ ರೂಪಾಯಿ ಹೂಡಿದೆ. ಈಗ ಒಂದೂವರೆ ಕೋಟಿ ಬೇಕಾಗಿದೆ. ಇಲ್ಲಿರುವ ಪ್ರತಿಯೊಬ್ಬರೂ, ವಿದ್ಯಾರ್ಥಿಗಳೂ ಸೇರಿದಂತೆ, ಕೈಲಾದಷ್ಟು ಹೂಡಿ ಈ ಮನೆಮಗಳನ್ನು ಬೆಂಬಲಿಸಬೇಕು."

ಇದರ ನಂತರ ಯಂತ್ರದೊಳಗೆ ಬಿಸಿಗಾಳಿ ಹೇಗೆ ತಿರುಗುತ್ತದೆ ಎಂದು ಎರಡು ನಿಮಿಷ ವಿವರಿಸಬೇಕೆಂದಿದ್ದೇನೆ. ಅದು ನಾನು ಕಲಿಸುವ ವಿಷಯವೇ.

ಹಳೇ ವೇದಿಕೆ, ಹುಬ್ಬಳ್ಳಿ

ಸರ್, ನಾನು ಒಂಬತ್ತು ವರ್ಷಗಳಿಂದ ಇಂಥ ಕಾರ್ಯಕ್ರಮಗಳನ್ನು ನಡೆಸುತ್ತಿದ್ದೇನೆ. ನಿಮ್ಮ ಬರಹದಲ್ಲಿರುವ ಪ್ರೀತಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಈಗಿರುವ ಹಾಗೆಯೇ ಓದಿದರೆ ಅವಳಿಗೆ ಹಾನಿಯಾಗುತ್ತದೆ. ಕಾರಣವನ್ನು ಬಿಡಿಸಿ ಹೇಳುತ್ತೇನೆ.

ಸನ್ಮಾನ ಸಮಾರಂಭದಲ್ಲಿ ನಾವು ಅತಿಥಿಯ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಿದರೂ ಯಾರೂ ಲೆಕ್ಕ ಇಡುವುದಿಲ್ಲ. ಪಿಚ್ ವೇದಿಕೆ ಹಾಗಲ್ಲ. ಮುಂದಿನ ಸಾಲಿನಲ್ಲಿ ಕುಳಿತವರು ಪರಿಚಯದಿಂದಲೇ ಟಿಪ್ಪಣಿ ಬರೆಯಲು ಶುರು ಮಾಡುತ್ತಾರೆ. ನೀವು ಅವಳ ಗುರುಗಳು, ಅಂದರೆ ನಿಮ್ಮ ಬಾಯಿಂದ ಬಂದದ್ದು ಅವರ ಪಾಲಿಗೆ ಸಾಕ್ಷಿ. ನೀವು "ಪೇಟೆಂಟ್ ಪಡೆದ" ಎಂದು ಹೇಳಿ, ಹತ್ತು ನಿಮಿಷದ ಮೇಲೆ ಅವಳು "ಅರ್ಜಿ ಹಾಕಿದ್ದೇವೆ" ಎಂದರೆ, ಸುಳ್ಳಾಡಿದವರು ಯಾರು ಎಂದು ಅವರು ಕೇಳುವುದಿಲ್ಲ. ಮುಂದಿನ ಸಂಖ್ಯೆಗಳನ್ನೆಲ್ಲ ಅನುಮಾನದಿಂದಲೇ ಕೇಳುತ್ತಾರೆ.

ಆದ್ದರಿಂದ ಮೂರು ಮಾತುಗಳನ್ನು ಅವಳ ಕಾಗದಪತ್ರ ನೋಡಿಯೇ ಖಚಿತ ಮಾಡಿಕೊಳ್ಳಿ. ಮೊದಲನೆಯದು ಪೇಟೆಂಟ್. ಅದು ತಾತ್ಕಾಲಿಕ ಅರ್ಜಿಯೋ, ಪೂರ್ಣ ಅರ್ಜಿಯೋ, ಮಂಜೂರಾದದ್ದೋ? ತಾತ್ಕಾಲಿಕ ಅರ್ಜಿಯಾದರೆ 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಬೇಕು, ಇಲ್ಲದಿದ್ದರೆ ಅದು ಬಿದ್ದುಹೋಗುತ್ತದೆ. ಎರಡನೆಯದು ಆ 20 ಲಕ್ಷ. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನದಾಗಿದ್ದರೆ, ಮಾದರಿ ತಯಾರಿಸಿ ಪರೀಕ್ಷಿಸುವ ಹಂತಕ್ಕೆ 20 ಲಕ್ಷದವರೆಗೆ ಸಿಗುವುದು ಅನುದಾನ. ಸರ್ಕಾರ ಅಲ್ಲಿ ಪಾಲುದಾರನಲ್ಲ, "ಹೂಡಿದೆ" ಎನ್ನುವುದು ತಪ್ಪು. ಆ ಹಣ ಕೆಲಸದ ಹಂತ ನೋಡಿ ಕಂತಿನಲ್ಲಿ ಬರುತ್ತದೆ, ಹಾಗಾಗಿ ಮಂಜೂರಾದದ್ದು ಬೇರೆ, ಕೈಗೆ ಬಂದದ್ದು ಬೇರೆ. ಮೂರನೆಯದು "ದೇಶದ ಮೊದಲ". ಅದನ್ನು ತೆಗೆದೇಬಿಡಿ. ಅಡಿಕೆ ಡ್ರೈಯರ್‌ಗಳು ಹಿಂದಿನಿಂದಲೂ ಇವೆ. ಅವುಗಳಲ್ಲಿ ಒಂದನ್ನು ಬಳಸಿದ ತೋಟಿಗರೊಬ್ಬರು ಸಭೆಯಲ್ಲಿ ಇದ್ದೇ ಇರುತ್ತಾರೆ.

ಬಿಸಿಗಾಳಿಯ ವಿವರಣೆಯಂತೂ ಬೇಡವೇ ಬೇಡ. ಅವಳಿಗಿರುವುದು ಆರೇಳು ನಿಮಿಷ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲವೇ ಅವಳ ಬಂಡವಾಳ, ಅದನ್ನು ನೀವು ಮೊದಲೇ ಖರ್ಚು ಮಾಡಬಾರದು. ಪರಿಚಯಕ್ಕೆ ಒಂದು ನಿಮಿಷ ಸಾಕು.

ತುಂಗಾತೀರ

ಹಳೇ ವೇದಿಕೆ ಮೇಡಂ ತುಂಬಾ ಹೆದರಿಸುತ್ತಿದ್ದಾರೆ ಎನ್ನಿಸುತ್ತದೆ. ಎಷ್ಟು ಹಣ ಬೇಕು ಎಂದು ಧೈರ್ಯವಾಗಿ ಹೇಳಿ ಸರ್. ಹೂಡಿಕೆದಾರರು ಬಂದಿರುವುದೇ ಅದನ್ನು ಕೇಳಲು. ಅವರ ಕಂಪನಿಗೆ ಕೇಂದ್ರದ ನವೋದ್ಯಮ ಮಾನ್ಯತೆ ಇದ್ದರೆ ಯಾರಿಂದ ಬೇಕಾದರೂ ಹಣ ಪಡೆಯಬಹುದು. ಮೊದಲು ಷೇರಿಗೆ ನ್ಯಾಯಬೆಲೆಗಿಂತ ಹೆಚ್ಚಾಗಿ ಬಂದ ಹಣದ ಮೇಲೆ ಬೀಳುತ್ತಿದ್ದ ಏಂಜಲ್ ತೆರಿಗೆಯ ತೊಡಕಿತ್ತು, 2024ರ ಬಜೆಟ್‌ನಲ್ಲಿ ಅದನ್ನೂ ತೆಗೆದುಹಾಕಿದ್ದಾರೆ. ವಿದ್ಯಾರ್ಥಿಗಳು ಹತ್ತು ಸಾವಿರ ಹಾಕಿದರೂ ಅವರಿಗೂ ಅನುಭವ, ಅವಳಿಗೂ ಸಹಾಯ.

ಲೆಕ್ಕಪತ್ರ

ನಾನು ಕಂಪನಿ ಸೆಕ್ರೆಟರಿ. ತುಂಗಾತೀರ ಅವರ ಮಾತಿನಲ್ಲಿ ಅರ್ಧ ನಿಜವಿದೆ. ಏಂಜಲ್ ತೆರಿಗೆ ಹೋದದ್ದು ಹೌದು. ಆದರೆ ಅದು ಆದಾಯ ತೆರಿಗೆಯ ವಿಚಾರ. ಷೇರನ್ನು ಯಾರಿಗೆ, ಹೇಗೆ ಕೊಡಬಹುದು ಎಂಬುದು ಕಂಪನಿ ಕಾಯ್ದೆಯ ವಿಚಾರ. ಮಾನ್ಯತೆ ಪತ್ರ ಇದ್ದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

2013ರ ಕಂಪನಿ ಕಾಯ್ದೆಯ 42ನೆಯ ಕಲಂ ಇಲ್ಲಿ ಮುಖ್ಯ. ಪ್ರೈವೇಟ್ ಲಿಮಿಟೆಡ್ ಕಂಪನಿ ಹೊರಗಿನವರಿಗೆ ಷೇರು ಕೊಡಬೇಕಾದರೆ, ಯಾರಿಗೆ ಎಂದು ನಿರ್ದೇಶಕ ಮಂಡಳಿ ಮೊದಲೇ ಗುರುತಿಸಿ, ಅವರ ಹೆಸರಿಗೇ ಪತ್ರ ಕಳಿಸಬೇಕು. ಒಂದು ಹಣಕಾಸು ವರ್ಷದಲ್ಲಿ ಹೀಗೆ 200 ಜನರನ್ನು ಮೀರುವಂತಿಲ್ಲ. ಹಣವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ಷೇರು ಕೊಡುತ್ತಿರುವ ವಿಷಯವನ್ನು ಜಾಹೀರಾತು ಅಥವಾ ಮಾಧ್ಯಮದ ಮೂಲಕ ಸಾರ್ವಜನಿಕರಿಗೆ ತಿಳಿಸುವಂತೆಯೂ ಇಲ್ಲ. 300 ವಿದ್ಯಾರ್ಥಿಗಳಿರುವ ಸಭೆಯಲ್ಲಿ "ಪ್ರತಿಯೊಬ್ಬರೂ ಕೈಲಾದಷ್ಟು ಹೂಡಿ" ಎಂದು ಮೈಕಿನಲ್ಲಿ ಕರೆ ಕೊಟ್ಟು, ಅದು ಕಾಲೇಜಿನ ಯೂಟ್ಯೂಬಿನಲ್ಲೂ ನೇರ ಪ್ರಸಾರವಾದರೆ, ಅದು ಖಾಸಗಿ ಕೊಡುಗೆ ಎಂದು ಸಮರ್ಥಿಸುವುದು ಬಹಳ ಕಷ್ಟ. ನಿಯಮ ಮುರಿದರೆ ಬೀಳುವ ದಂಡ, ಎತ್ತಿದ ಮೊತ್ತ ಅಥವಾ 2 ಕೋಟಿ ರೂಪಾಯಿ, ಇವೆರಡರಲ್ಲಿ ಕಡಿಮೆಯಾದಷ್ಟರವರೆಗೆ ಹೋಗಬಹುದು. ಪಡೆದ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕಾಗುತ್ತದೆ. ಮಾತು ನಿಮ್ಮದು, ದಂಡ ಅವಳ ಕಂಪನಿಯದು.

ಆ ಒಂದು ವಾಕ್ಯವನ್ನು ಇವತ್ತೇ ಅಳಿಸಿಬಿಡಿ ಸರ್.

ತುಂಗಾತೀರ

ಹಾಗಾದರೆ ಅವಳೇ ತನ್ನ ಸ್ಲೈಡಿನಲ್ಲಿ "ನಮಗೆ ಒಂದೂವರೆ ಕೋಟಿ ಬೇಕು" ಎಂದು ತೋರಿಸಿದರೆ? ಎಲ್ಲ ಪಿಚ್‌ಗಳಲ್ಲೂ ಕೊನೆಯ ಸ್ಲೈಡ್ ಅದೇ ಅಲ್ಲವೇ?

ಲೆಕ್ಕಪತ್ರ

ಪ್ರಶ್ನೆ ಸರಿಯಾಗಿದೆ. ಇದರಲ್ಲಿ ನಮ್ಮ ವೃತ್ತಿಯವರಲ್ಲೇ ಎರಡು ಅಭಿಪ್ರಾಯಗಳಿವೆ. ಆಹ್ವಾನಿತ ಹೂಡಿಕೆದಾರರ ಎದುರು ಕಂಪನಿಯ ಅಗತ್ಯವನ್ನು ವಿವರಿಸುವುದು ಬೇರೆ, ಷೇರು ಕೊಡುವುದು ಬೇರೆ ಎನ್ನುವವರು ಹೆಚ್ಚು. ತೆರೆದ ಸಭೆಯಲ್ಲಿ ಮೊತ್ತವನ್ನೂ ಕಂಪನಿಯ ಮೌಲ್ಯವನ್ನೂ ಹೇಳಲೇಬಾರದು ಎನ್ನುವವರೂ ಇದ್ದಾರೆ. ನಾನು ಎರಡನೆಯ ಗುಂಪಿನವನು. ಆ ಸ್ಲೈಡನ್ನು ಮಧ್ಯಾಹ್ನ ಹೂಡಿಕೆದಾರರು ಮಾತ್ರ ಇರುವ ಕೋಣೆಯಲ್ಲಿ ತೋರಿಸಲಿ.

ಹಳೇ ವೇದಿಕೆ, ಹುಬ್ಬಳ್ಳಿ

ಇಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಹಣದ ಮಾತೇ ಇಲ್ಲದ ಪಿಚ್ ನೋಡಿ ವಿದ್ಯಾರ್ಥಿಗಳು ಕಲಿಯುವುದೇನು? ನಮ್ಮಲ್ಲಿ ಮೊತ್ತ ಹೇಳುತ್ತಾರೆ, ಯಾವ ಕೆಲಸಕ್ಕೆ ಎಂದೂ ಹೇಳುತ್ತಾರೆ. ಷೇರಿನ ಬೆಲೆ, ಪಾಲು ಮಾತ್ರ ಒಳಗಿನ ಕೋಣೆಗೆ. ಆದರೆ ಪರಿಚಯಿಸುವವರು ಇದರಲ್ಲಿ ಯಾವುದನ್ನೂ ಹೇಳಬಾರದು ಎಂಬುದನ್ನು ಒಪ್ಪುತ್ತೇನೆ.

ಚಾಮುಂಡಿ ಮೆಟ್ಟಿಲು

ನನ್ನದೇ ಅನುಭವ ಹೇಳುತ್ತೇನೆ. ಆರು ವರ್ಷಗಳ ಹಿಂದೆ ನಾವು ಮೂವರು ಗೆಳೆಯರು ರೇಷ್ಮೆ ಗೂಡು ವಿಂಗಡಿಸುವ ಒಂದು ಉಪಕರಣ ಮಾಡಿದ್ದೆವು. ಒಂದು ಕಾರ್ಯಕ್ರಮದಲ್ಲಿ ನಿರೂಪಕರು ನಮ್ಮನ್ನು ಬಹಳ ಪ್ರೀತಿಯಿಂದ ಪರಿಚಯಿಸುತ್ತಾ "ಪೇಟೆಂಟ್ ಹೊಂದಿರುವ ಯಂತ್ರ" ಎಂದರು. ನಾವು ಅರ್ಜಿ ಹಾಕಿ ಎರಡು ತಿಂಗಳಾಗಿತ್ತು, ಅಷ್ಟೇ. ಚಪ್ಪಾಳೆಯ ನಡುವೆ ತಿದ್ದಲು ಸಂಕೋಚವಾಯಿತು, ಸುಮ್ಮನಿದ್ದೆವು. ಪಿಚ್ ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆ "ಪೇಟೆಂಟ್ ಸಂಖ್ಯೆ ಎಷ್ಟು?" ಎಂದು. ನನ್ನ ಗೆಳೆಯ ತಡವರಿಸಿದ. ಅವರು ಪೆನ್ನಿನ ಮುಚ್ಚಳ ಹಾಕಿದ್ದು ಇಂದಿಗೂ ಕಣ್ಣ ಮುಂದಿದೆ. ಆಮೇಲೆ ನಮ್ಮ ಫೋನನ್ನೂ ಎತ್ತಲಿಲ್ಲ.

ಇನ್ನೊಂದು ವಿಷಯ. ನಿಮ್ಮ ಬಿಸಿಗಾಳಿಯ ವಿವರಣೆಯ ಬಗ್ಗೆ ನನಗೆ ನಿಜವಾದ ಭಯವಿದೆ. ಅವಳು ತಾತ್ಕಾಲಿಕ ಅರ್ಜಿ ಹಾಕಿದ ಮೇಲೆ ಯಂತ್ರದಲ್ಲಿ ಏನಾದರೂ ಬದಲಾಯಿಸಿದ್ದರೆ ಆ ಹೊಸ ಭಾಗ ಅರ್ಜಿಯಲ್ಲಿ ಇರುವುದಿಲ್ಲ. ಅದನ್ನು ಸಭೆಯಲ್ಲಿ ಬಿಡಿಸಿ ಹೇಳಿದರೆ ಅದು ಬಹಿರಂಗವಾದಂತೆ. ನಂತರ ಅದಕ್ಕೆ ಹೊಸತನದ ಹಕ್ಕು ಕೇಳುವುದು ಕಷ್ಟವಾಗುತ್ತದೆ. ಒಮ್ಮೆ ಅವಳನ್ನೇ ಕೇಳಿ.

ಬೆಣ್ಣೆನಗರಿ

ಒಳ್ಳೆಯ ಚರ್ಚೆ. ನನ್ನ ಮಗನೂ ಮುಂದಿನ ತಿಂಗಳು ಪಿಚ್ ಮಾಡುವವನಿದ್ದಾನೆ, ರಾಗಿ ತಿಂಡಿಗಳ ಉದ್ಯಮ. ತನ್ನನ್ನು ತಾನು ಪರಿಚಯಿಸಿಕೊಳ್ಳುವಾಗ ಎಷ್ಟು ಸ್ಲೈಡ್ ಇರಬೇಕು? ಕೋಟು ಹಾಕಿಕೊಳ್ಳಬೇಕೇ?

ಹಳೇ ವೇದಿಕೆ, ಹುಬ್ಬಳ್ಳಿ

ಬೆಣ್ಣೆನಗರಿ ಅವರೇ, ಇಲ್ಲಿ ನಡೆಯುತ್ತಿರುವುದು ಬೇರೆಯವರನ್ನು ಪರಿಚಯಿಸುವ ಮಾತು. ಪಿಚ್ ಬಗ್ಗೆ ಬೇರೆ ಎಳೆ ಶುರು ಮಾಡಿ, ಖಂಡಿತ ಬರೆಯುತ್ತೇನೆ. ಕೋಟು ಬೇಕಿಲ್ಲ. ತಿಂಡಿಯ ಪೊಟ್ಟಣ ಕೈಯಲ್ಲಿರಲಿ.

ಮೂರನೇ ಸೆಮ್

ನಾನು ವಿದ್ಯಾರ್ಥಿನಿ. ಹಿಂದಿನ ಸಾಲಿನಲ್ಲಿ ಕೂರುವವರ ಪರವಾಗಿ ಒಂದು ಮಾತು ಹೇಳಬಹುದೇ ಸರ್? ಹತ್ತನೆಯ ತರಗತಿಯ 96 ಅಂಕ ಕೇಳಿದ ಕೂಡಲೇ "ಇವರು ನಮ್ಮಂಥವರಲ್ಲ" ಎಂದು ನಮಗೆ ಅನ್ನಿಸುತ್ತದೆ, ಆಮೇಲೆ ಮೊಬೈಲ್ ತೆಗೆಯುತ್ತೇವೆ. ನಮಗೆ ತಿಳಿಯಬೇಕಾದದ್ದು ಬೇರೆ. ಅವರು ಇದನ್ನು ಶುರು ಮಾಡಿದ್ದು ಯಾವ ವರ್ಷದಲ್ಲಿದ್ದಾಗ? ಕ್ಯಾಂಪಸ್ ಕೆಲಸ ಸಿಕ್ಕಿತ್ತೇ, ಬಿಟ್ಟರೇ? ಮೊದಲ ಯಂತ್ರ ಎಲ್ಲಿ ಮಾಡಿಸಿದರು, ಹಣ ಯಾರು ಕೊಟ್ಟರು? ನಮ್ಮದೇ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿದ್ದಾದರೆ ಆ ಒಂದು ಮಾತು ಸಾಕು, ಎಲ್ಲರೂ ತಲೆ ಎತ್ತುತ್ತಾರೆ.

ಅಂಗಳದ ಬಿಸಿಲು

ನಾನು ಕಂಪನಿ, ಕಾಯ್ದೆ ತಿಳಿದವನಲ್ಲ, ತೋಟಿಗ. "9 ದಿನ" ಎಂಬ ಮಾತಿನ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಹರವಿ ಚಾಲಿ ಮಾಡಲು ಒಳ್ಳೆಯ ಬಿಸಿಲಿದ್ದರೂ 40 ದಿನದ ಮೇಲಾಗುತ್ತದೆ. ನಡುವೆ ಮೋಡವೋ ಮಳೆಯೋ ಬಂದರೆ ಬೂಸಲು ಹಿಡಿಯುತ್ತದೆ. ಅದಕ್ಕೇ ಡ್ರೈಯರ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವ್ಯಾಪಾರಿ ನೋಡುವುದು ದಿನವನ್ನಲ್ಲ. ಅಡಿಕೆ ಒಡೆದು ಒಳಗಿನ ಬಣ್ಣ ನೋಡುತ್ತಾನೆ, ಮೂಸಿ ನೋಡುತ್ತಾನೆ. ಸಿಪ್ಪೆ ಉರಿಸುವ ಒಲೆಯಿಂದ ಸ್ವಲ್ಪ ಹೊಗೆ ತಾಗಿದರೂ ದರ ಬಿತ್ತು.

ನಿಮ್ಮ ಹನ್ನೆರಡು ಹೂಡಿಕೆದಾರರಲ್ಲಿ ನಾಲ್ಕೈದು ಜನ ತೋಟವಿದ್ದವರೇ ಇರಬಹುದು. ಪರಿಚಯದಲ್ಲೇ "40 ದಿನ 9 ದಿನವಾಯಿತು" ಎಂದರೆ ಅವರು ಮನಸ್ಸಿನಲ್ಲೇ "ಬಣ್ಣ?" ಎಂದು ಕೇಳಿಕೊಳ್ಳುತ್ತಾರೆ. ಹುಡುಗಿ ವೇದಿಕೆಗೆ ಬರುವ ಮೊದಲೇ ಉತ್ತರ ಕೊಡುವ ಸ್ಥಿತಿಗೆ ಬೀಳುತ್ತಾಳೆ. 9 ದಿನ ಯಾವ ತಿಂಗಳಲ್ಲಿ, ಯಾರ ಅಂಗಳದಲ್ಲಿ, ಎಷ್ಟು ಕ್ವಿಂಟಲ್ ಹಾಕಿ ನೋಡಿದ್ದು ಎಂದು ಅವಳೇ ಹೇಳಿದರೆ ನಾವು ಕೇಳುತ್ತೇವೆ.

ಘಟ್ಟದಂಚು

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಅವಳ ಮನೆಗೇ ಹೋಗಿ ಕುಳಿತು ಒಂದೊಂದನ್ನೇ ಕೇಳಿದೆ. ನಾನು ಬರೆದುಕೊಂಡದ್ದರಲ್ಲಿ ಎಷ್ಟು ತಪ್ಪಿತ್ತೆಂದು ನೋಡಿ ಮನಸ್ಸಿಗೆ ಬಹಳ ಇರುಸುಮುರುಸಾಯಿತು.

ಪೇಟೆಂಟ್ ಇಲ್ಲ. ಕಳೆದ ನವೆಂಬರಿನಲ್ಲಿ ತಾತ್ಕಾಲಿಕ ಅರ್ಜಿ ಹಾಕಿದ್ದಾಳೆ, ಪೂರ್ಣ ವಿವರಣೆ ಇನ್ನೂ ಸಿದ್ಧವಾಗುತ್ತಿದೆ. ಗಾಳಿಯನ್ನು ಎರಡು ದಿಕ್ಕಿನಿಂದ ತಿರುಗಿಸುವ ವ್ಯವಸ್ಥೆಯನ್ನು ಈ ಬೇಸಿಗೆಯಲ್ಲಿ ಸೇರಿಸಿದಳಂತೆ, ಅದು ಆ ಅರ್ಜಿಯಲ್ಲಿ ಇಲ್ಲ. ನಾನು ವಿವರಿಸಬೇಕೆಂದಿದ್ದದ್ದು ಅದನ್ನೇ! ಚಾಮುಂಡಿ ಮೆಟ್ಟಿಲು ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

20 ಲಕ್ಷ ಅನುದಾನ ಮಂಜೂರಾಗಿದೆ, ಕೈಗೆ ಬಂದಿರುವುದು ಮೊದಲ ಕಂತು 8 ಲಕ್ಷ. ಒಟ್ಟು 11 ಯಂತ್ರಗಳು ಹೊರಗಿವೆ. ಅವುಗಳಲ್ಲಿ 4 ಮಾತ್ರ ಪೂರ್ತಿ ಬೆಲೆಗೆ ಮಾರಿದ್ದು, 7 ಪ್ರಯೋಗಕ್ಕೆ ಉಚಿತವಾಗಿ ಕೊಟ್ಟದ್ದು. 9 ದಿನ ಎಂಬುದು ಎರಡೇ ಅಂಗಳಗಳಲ್ಲಿ, ಜನವರಿಯ ಬಿಸಿಲಿನ ದಿನಗಳಲ್ಲಿ ಬಂದ ಫಲಿತಾಂಶ. ಮೋಡದ ದಿನಗಳಲ್ಲಿ 14 ದಿನದವರೆಗೆ ಹೋಗಿದೆಯಂತೆ. "ಸರ್, 9 ನೀವು ಹೇಳಬೇಡಿ, 9 ಮತ್ತು 14 ಎರಡನ್ನೂ ನಾನೇ ಹೇಳುತ್ತೇನೆ" ಎಂದಳು.

ಹೊಸದಾಗಿ ಬರೆದದ್ದು ಇದು:

"ನಾಲ್ಕು ವರ್ಷಗಳ ಹಿಂದೆ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಒಬ್ಬ ವಿದ್ಯಾರ್ಥಿನಿ ನಮ್ಮ ವರ್ಕ್‌ಶಾಪಿಗೆ ಒಂದು ಚೀಲ ಬೂಸಲು ಹಿಡಿದ ಅಡಿಕೆ ತಂದಿದ್ದರು. ಆ ವರ್ಷ ಅಂಗಳದಲ್ಲಿದ್ದ ಚಾಲಿಗೆ ಅಕಾಲದ ಮಳೆ ಬಿದ್ದು ಅವರ ಮನೆಯ ಬೆಳೆಯಲ್ಲಿ ದೊಡ್ಡ ಪಾಲು ಹಾಳಾಗಿತ್ತು. ಮೊದಲ ಡ್ರೈಯರಿಗೆ ಬೆಸುಗೆ ಹಾಕಿದ್ದು ಇದೇ ಕಟ್ಟಡದ ಹಿಂದಿನ ಶೆಡ್ಡಿನಲ್ಲಿ, ಮೂರನೆಯ ಪ್ರಯತ್ನಕ್ಕೆ ಅದು ಕೆಲಸ ಮಾಡಿತು. ಇಂದು ಅವರ 11 ಯಂತ್ರಗಳು ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಗಳಗಳಲ್ಲಿವೆ, 4 ಮಾರಾಟವಾದವು, 7 ಪ್ರಯೋಗದಲ್ಲಿರುವವು. ಅವರಿಗೆ ಪಾಠ ಹೇಳಿದ ಕಾರಣಕ್ಕೆ ನಾನು ಇಲ್ಲಿ ನಿಂತಿದ್ದೇನೆ, ಅವರ ಕಂಪನಿಯಲ್ಲಿ ನನ್ನ ಪಾಲೇನೂ ಇಲ್ಲ. ಆ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಅವರ ಬಾಯಿಂದಲೇ ಕೇಳೋಣ."

ಇದರ ನಂತರ ಹೆಸರು.

ಹಳೇ ವೇದಿಕೆ, ಹುಬ್ಬಳ್ಳಿ

ಬಹಳ ಚೆನ್ನಾಗಿದೆ ಸರ್. ಬೂಸಲು ಹಿಡಿದ ಅಡಿಕೆಯ ಚೀಲ ಎರಡೂ ಸಾಲುಗಳಿಗೆ ಒಂದೇ ಸಲಕ್ಕೆ ತಲುಪುತ್ತದೆ. ಪಾಲಿಲ್ಲ ಎಂದು ನೀವೇ ಹೇಳಿದ್ದು ನನಗೆ ಇಷ್ಟವಾಯಿತು, ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಹೆಸರು ಕೊನೆಗೆ ಬರುವುದೂ ಸರಿ, ಚಪ್ಪಾಳೆ ಬರುವ ಹೊತ್ತಿಗೆ ಅವಳು ಮೈಕಿನ ಹತ್ತಿರ ಇರುತ್ತಾಳೆ. ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಒಂದು ನಿಮಿಷದ ಆಸುಪಾಸು ಬರಬೇಕು.

ಮೂರನೇ ಸೆಮ್

ಮೊದಲ ಯಂತ್ರದ ಹಣ ಯಾರು ಕೊಟ್ಟರು ಎಂಬುದು ಇನ್ನೂ ಬಂದಿಲ್ಲ ಸರ್.

ಘಟ್ಟದಂಚು

ಅವಳ ತಂದೆ ತೋಟದ ಮೇಲೆ ಸೊಸೈಟಿಯಲ್ಲಿ ಸಾಲ ತೆಗೆದು ಕೊಟ್ಟದ್ದು. ಅದನ್ನು ವೇದಿಕೆಯಲ್ಲಿ ಹೇಳುವುದು ಬೇಡ ಎಂದು ಅವಳು ಅನ್ನಲಿಲ್ಲ, ತಂದೆ ಬೇಡ ಎಂದರು. ಅವರೂ ಸಭೆಗೆ ಬರುವವರಿದ್ದಾರೆ.

ಲೆಕ್ಕಪತ್ರ

ತಂದೆ ಬೇಡ ಎಂದರೆ ವೇದಿಕೆಯಲ್ಲಿ ಬೇಡ. ಆ ಹಣ ಕಂಪನಿಯ ಪುಸ್ತಕದಲ್ಲಿ ಸಾಲವಾಗಿದೆಯೋ ಷೇರಾಗಿದೆಯೋ ಎಂಬುದನ್ನು ಹೂಡಿಕೆದಾರರು ಹೇಗೂ ದಾಖಲೆ ಪರಿಶೀಲನೆಯಲ್ಲಿ ಕೇಳುತ್ತಾರೆ. ಅಲ್ಲಿ ಸ್ಪಷ್ಟವಾಗಿ ಇರಲಿ.

ಮೂರನೇ ಸೆಮ್

ಒಪ್ಪುತ್ತೇನೆ. ಆದರೂ ನಮಗೆ ಅದು ಗೊತ್ತಾಗದೇ ಹೋದರೆ, ಸಾಲಕ್ಕೆ ಇಡಲು ತೋಟವಿಲ್ಲದ ಮನೆಯವರು ಇದನ್ನೆಲ್ಲ ಅನುದಾನದಲ್ಲೇ ಮಾಡಬಹುದು ಎಂದುಕೊಳ್ಳುತ್ತೇವೆ. ಅದೂ ಒಂದು ತಪ್ಪು ಚಿತ್ರವೇ ಅಲ್ಲವೇ?

ಘಟ್ಟದಂಚು (ಭಾನುವಾರ)

ನಿನ್ನೆ ಕಾರ್ಯಕ್ರಮ ಮುಗಿಯಿತು. ನನ್ನ ಪರಿಚಯ 70 ಸೆಕೆಂಡಿನಲ್ಲಿ ಮುಗಿಯಿತು. ಅವಳು ಮೊದಲೇ 9 ಮತ್ತು 14 ಎರಡನ್ನೂ ತೆರೆಯ ಮೇಲೆ ತೋರಿಸಿದಳು. ಎರಡು ತಟ್ಟೆಗಳಲ್ಲಿ ಒಡೆದ ಅಡಿಕೆ ಇಟ್ಟುಕೊಂಡು ಮುಂದಿನ ಸಾಲಿಗೆ ಕೊಟ್ಟಳು, ಒಂದು ಅಂಗಳದ ಚಾಲಿ, ಒಂದು ಯಂತ್ರದ್ದು. ಅಂಗಳದ ಬಿಸಿಲು ಅವರು ಹೇಳಿದಂತೆಯೇ ಮೂವರು ಮೂಸಿ ನೋಡಿದರು. ಮೊದಲ ಪ್ರಶ್ನೆ ಆ 7 ಪ್ರಯೋಗದ ಯಂತ್ರಗಳ ಬಗ್ಗೆಯೇ ಬಂತು: "ಪ್ರಯೋಗ ಮುಗಿದ ಮೇಲೆ ಎಷ್ಟು ಜನ ಹಣ ಕೊಟ್ಟು ಇಟ್ಟುಕೊಳ್ಳುತ್ತಾರೆ?" ಇಬ್ಬರು ಒಪ್ಪಿದ್ದಾರೆ, ಇಬ್ಬರು ಬೇಡ ಎಂದಿದ್ದಾರೆ, ಉಳಿದವರು ಈ ಹಂಗಾಮು ನೋಡಿ ಹೇಳುತ್ತಾರೆ ಎಂದಳು. ಇಬ್ಬರು ಹೂಡಿಕೆದಾರರು ಮುಂದಿನ ವಾರ ಅಂಗಳಕ್ಕೇ ಬಂದು ನೋಡುತ್ತೇವೆ ಎಂದಿದ್ದಾರೆ. ಹಣದ ಮಾತು ಇನ್ನೂ ಆಗಿಲ್ಲ.

ತಂದೆಯ ವಿಷಯ ನಾನು ಹೇಳಲಿಲ್ಲ. ಪ್ರಶ್ನೋತ್ತರದಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದಾಗ ಅವಳು ತಂದೆಯ ಕಡೆ ನೋಡಿದಳು. ಅವರು ತಲೆಯಾಡಿಸಿದರು. ಅವಳೇ ಹೇಳಿದಳು.

ಒಂದು ತಪ್ಪು ಮಾತ್ರ ಉಳಿದುಹೋಯಿತು. ನನ್ನ ಮಾತನ್ನು ತಿದ್ದಿಕೊಂಡೆ. ಆದರೆ ಕಾರ್ಯಕ್ರಮದ ಕೈಪಿಡಿಗೆ ಎರಡು ವಾರ ಮೊದಲೇ ಕೊಟ್ಟಿದ್ದ ನಾಲ್ಕು ಸಾಲುಗಳನ್ನು ಮರೆತಿದ್ದೆ. ಅದರಲ್ಲಿ "ಪೇಟೆಂಟ್ ಪಡೆದ" ಎಂದೇ ಅಚ್ಚಾಗಿದೆ. ಅವಳು ವೇದಿಕೆಯಿಂದಲೇ "ಕೈಪಿಡಿಯಲ್ಲಿರುವುದು ತಪ್ಪು, ಅರ್ಜಿ ಹಂತದಲ್ಲಿದೆ" ಎಂದು ತಿದ್ದಿದಳು. ಆದರೆ ಪಿಡಿಎಫ್ ಆಗಲೇ ಹತ್ತಾರು ವಾಟ್ಸಾಪ್ ಗುಂಪುಗಳಿಗೆ ಹೋಗಿದೆ. ಈಗ ಏನು ಮಾಡಬೇಕು?

ಲೆಕ್ಕಪತ್ರ

ತಿದ್ದಿದ ಪ್ರತಿಯನ್ನು ಇವತ್ತೇ ಕಾಲೇಜಿನ ಪುಟದಲ್ಲಿ ಹಾಕಿಸಿ, ಹಳೆಯದನ್ನು ತೆಗೆಸಿ. ಆ ಹನ್ನೆರಡು ಹೂಡಿಕೆದಾರರಿಗೆ ಅವಳ ಕಂಪನಿಯ ಇಮೇಲ್‌ನಿಂದ ಎರಡು ಸಾಲಿನ ತಿದ್ದುಪಡಿ ಹೋಗಲಿ, ಅರ್ಜಿ ಸಂಖ್ಯೆ ಮತ್ತು ದಿನಾಂಕ ಸಮೇತ. ಪೇಟೆಂಟ್ ಆಗದ ವಸ್ತುವನ್ನು ಪೇಟೆಂಟ್ ಆಗಿದೆ ಎಂದು ಹೇಳಿ ಮಾರುವುದು ಪೇಟೆಂಟ್ ಕಾಯ್ದೆಯ 120ನೆಯ ಕಲಮಿನಡಿ ತಪ್ಪು. ಹಾಗಾಗಿ ಮುಂದೆ ಯಂತ್ರದ ಜಾಹೀರಾತಿಗೆ ಯಾರೂ ಈ ಕೈಪಿಡಿಯಿಂದ ಸಾಲು ಎತ್ತದಂತೆ ಅವಳಿಗೆ ಹೇಳಿ. ಪೂರ್ಣ ವಿವರಣೆ ಸಲ್ಲಿಸಲು ಇರುವ ನವೆಂಬರ್ ಗಡುವನ್ನೂ ನೆನಪಿಸಿ.

ಅಂಗಳದ ಬಿಸಿಲು

ಆ ಹುಡುಗಿಗೆ ನನ್ನ ವಿಳಾಸ ಕಳಿಸಬಹುದೇ ಸರ್? ನಮ್ಮ ಅಂಗಳಕ್ಕೆ ಮಧ್ಯಾಹ್ನ ಮೂರಕ್ಕೇ ನೆರಳು ಬೀಳುತ್ತದೆ. ಅಲ್ಲಿ ಎಷ್ಟು ದಿನ ಹಿಡಿಯುತ್ತದೆ ಎಂದು ನೋಡಬೇಕು. ಯಂತ್ರ ಪ್ರಯೋಗಕ್ಕೆ ಬೇಡ, ಬಾಡಿಗೆಗೆ ಕೊಡಲಿ.